ಒಗೆದ ಮೇಲೆ ಹುಟ್ಟುವ ಕಲೆ

ಬಟ್ಟೆಗೆ ಕಲೆಯಾದರೆ ಒಗೆಯುವುದು ಲೋಕರೂಢಿ. ಒಗೆದ ಮೇಲೆ ಕಲೆ ಮೂಡುವುದು ಈಚಿನ ಹೊಸ ತಲೆನೋವು. ಬಿಳಿ ಅಂಗಿಯ ಕತ್ತುಪಟ್ಟಿ, ತಿಳಿಬಣ್ಣದ ರವಿಕೆಯ ಹಿಂಗತ್ತು ನೀರಿಗೆ ಹಾಕುವಾಗ ನೆಟ್ಟಗೇ ಇರುತ್ತವೆ. ಹೆಚ್ಚೆಂದರೆ ಒಂದಿಷ್ಟು ಜಿಡ್ಡು, ಮಸುಕಾದ ಹಳದಿ. ಬಿಸಿಲಿಗೆ ಒಣಗಿಸಿ ತಂದು ಮಡಚುವಾಗ ನೋಡಿದರೆ ಅಲ್ಲೊಂದು ಕಿತ್ತಳೆ ಕೆಂಪಿನ ಪಟ್ಟಿ ಎದ್ದು ಕಾಣುತ್ತದೆ. ತಂತಿಯ ತುಕ್ಕು ತಗುಲಿರಬೇಕು ಎಂದುಕೊಂಡು ಮತ್ತೆ ಸೋಪು ಹಾಕಿ ಉಜ್ಜುತ್ತೇವೆ, ಅದು ಹೋಗುವುದಿಲ್ಲ. ಬ್ಲೀಚ್ ಹಾಕುತ್ತೇವೆ, ಇನ್ನೂ ಗಾಢವಾಗುತ್ತದೆ.

ತುಕ್ಕು ಎಂಬ ಊಹೆ ಅರ್ಧ ಸರಿ. ಆ ಕಲೆಯಲ್ಲಿ ಕಬ್ಬಿಣವಿದೆ. ಆದರೆ ಅದು ಬಂದದ್ದು ಬಟ್ಟೆ ಒಣಗಿಸುವ ತಂತಿಯಿಂದಲ್ಲ, ಒಗೆದ ನೀರಿನಿಂದ. ಅದನ್ನು ಹಿಡಿದು ಕೂರಿಸಿದ್ದು ಕತ್ತಿಗೆ ಹಚ್ಚಿದ್ದ ಸನ್‌ಸ್ಕ್ರೀನ್.

ಸನ್‌ಸ್ಕ್ರೀನ್‌ಗಳಲ್ಲಿ ಬಿಸಿಲನ್ನು ತಡೆಯುವ ವಸ್ತುಗಳು ಎರಡು ಜಾತಿಯವು. ಸತುವಿನ ಆಕ್ಸೈಡು, ಟೈಟಾನಿಯಂ ಡೈಆಕ್ಸೈಡಿನಂಥ ಬಿಳಿಪುಡಿಗಳದ್ದು ಒಂದು ಜಾತಿ. ಬೆಳಕಿನ ಅತಿನೇರಳೆ ಕಿರಣವನ್ನು ಹೀರಿಕೊಳ್ಳುವ ಎಣ್ಣೆಯಲ್ಲಿ ಕರಗುವ ರಾಸಾಯನಿಕಗಳದ್ದು ಇನ್ನೊಂದು. ಈ ಎರಡನೆಯ ಗುಂಪಿನಲ್ಲಿ ಬಹಳ ಬಳಕೆಯಲ್ಲಿರುವುದು ಆವೊಬೆನ್ಝೋನ್. ಟ್ಯೂಬಿನ ಹಿಂದಿನ ಸಣ್ಣಕ್ಷರಗಳಲ್ಲಿ ಅದು ಬಹುತೇಕ ಬ್ಯುಟೈಲ್ ಮಿಥಾಕ್ಸಿಡೈಬೆಂಜಾಯಿಲ್‌ಮೀಥೇನ್ ಎಂಬ ಉದ್ದನೆಯ ಹೆಸರಿನಲ್ಲಿರುತ್ತದೆ. ಚರ್ಮಕ್ಕೆ ಇದು ಒಳ್ಳೆಯ ಕಾವಲುಗಾರ. ಕಬ್ಬಿಣ ಕಂಡರೆ ಮಾತ್ರ ಬಿಡುವುದಿಲ್ಲ. ನೀರಿನಲ್ಲಿ ಕರಗಿರುವ ಕಬ್ಬಿಣದ ಕಣವನ್ನು ಎರಡು ಕಡೆಯಿಂದ ಹಿಡಿದುಕೊಂಡು ಕಿತ್ತಳೆ ಕೆಂಪಿನ ಸಂಯುಕ್ತವಾಗುತ್ತದೆ. ಅಂದರೆ ಕಲೆ ಬೀಳಲು ಕತ್ತಿನಲ್ಲಿ ಆವೊಬೆನ್ಝೋನ್ ಇರಬೇಕು, ಬಕೆಟ್ಟಿನಲ್ಲಿ ಕಬ್ಬಿಣ ಇರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಕಿತ್ತಳೆ ಬಣ್ಣ ಹುಟ್ಟುವುದಿಲ್ಲ.

ನೀರು ಬದಲಾದರೆ ಕಲೆಯೂ ಬದಲು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ನೀರಿನ ವಿಷಯದಲ್ಲಿ ಬೇರೆ ಬೇರೆ ಲೋಕಗಳು. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲಿನ ನಡುವಿನ ದ್ವೀಪ. ಪಾಂಡವಪುರದ ಕಡೆ ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ಬಯಲಿದೆ, ಮೇಲುಕೋಟೆಯ ಕಲ್ಲುಬೆಟ್ಟವೂ ಇದೆ. ಕೆ.ಆರ್. ಪೇಟೆಗೆ ಹೇಮಾವತಿಯ ಆಸರೆ. ನಾಗಮಂಗಲದ ಒಣಭೂಮಿಯ ಊರುಗಳು ಹೆಚ್ಚಾಗಿ ಕೆರೆ, ಕೊಳವೆಬಾವಿಗಳನ್ನು ನಂಬಿದವು. ಹೊಳೆಯ ನೀರು ಸಾಮಾನ್ಯವಾಗಿ ಮೆದು. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತು ಮೇಲೆ ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಕೆಲವು ಕಡೆ ಅದರಲ್ಲಿ ಕಬ್ಬಿಣವೂ ಸೇರಿರುತ್ತದೆ. ಒಂದೇ ಊರಿನ ಎರಡು ಬೋರ್‌ಗಳ ನೀರೂ ಒಂದೇ ಥರ ಇರಬೇಕೆಂದಿಲ್ಲ. ಹೊಳೆಯ ನೀರೇ ಬಂದರೂ ಹಳೆಯ ಕಬ್ಬಿಣದ ಪೈಪು, ತುಕ್ಕು ಹಿಡಿದ ಟ್ಯಾಂಕು ದಾಟಿ ಬಂದರೆ ಕಬ್ಬಿಣ ಹೊತ್ತೇ ಬರುತ್ತದೆ. ಹಾಗಾಗಿ ತಾಲ್ಲೂಕಿನ ಹೆಸರು ನೋಡಿ ತೀರ್ಮಾನಿಸುವಂತಿಲ್ಲ. ನಿಮ್ಮ ನಲ್ಲಿಯ ನೀರನ್ನೇ ಕೇಳಬೇಕು.

ಕೇಳುವುದು ಸುಲಭ. ಬೆಳಿಗ್ಗೆ ಮೋಟಾರು ಹಾಕಿದ ಕೂಡಲೇ ಒಂದು ಗಾಜಿನ ಬಾಟಲಿಗೆ ನೀರು ಹಿಡಿದು ಮುಚ್ಚಳ ಹಾಕದೆ ಸಂಜೆಯವರೆಗೆ ಇಡಿ. ನೆಲದೊಳಗೆ ಗಾಳಿಯ ಸಂಪರ್ಕವಿಲ್ಲದೆ ಇದ್ದ ಕಬ್ಬಿಣ ಬಣ್ಣವಿಲ್ಲದೆ ಕರಗಿರುತ್ತದೆ. ಗಾಳಿ ತಗುಲಿದ ಮೇಲೆ ಅದು ತುಕ್ಕಾಗಿ ತಳದಲ್ಲಿ ಕೂರುತ್ತದೆ. ಕೆಂಪು ಗಸಿ ಕಂಡರೆ ಉತ್ತರ ಸಿಕ್ಕಂತೆ. ಬಚ್ಚಲ ಬಕೆಟ್ಟಿನ ಅಂಚಿನಲ್ಲಿ ಕೆಂಪು ಗೆರೆ, ನಲ್ಲಿಯ ಕೆಳಗಿನ ಕಲ್ಲಿನಲ್ಲಿ ಕೆಂಪು ಜಾಡು, ಆ ನೀರಿನಲ್ಲಿ ಕಾಯಿಸಿದ ಟೀ ಡಿಕಾಕ್ಷನ್ ಎಂದಿಗಿಂತ ಕಪ್ಪಗಾಗುವುದು ಕೂಡ ಇದರದೇ ಗುರುತುಗಳು. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಕಬ್ಬಿಣ ಬಟ್ಟೆಗೆ ಕಲೆ ಹಿಡಿಸುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ಕಬ್ಬಿಣ ಬಾಯಿಗೆ ರುಚಿಯಾಗಿ ಗೊತ್ತಾಗುವುದೂ ಕಷ್ಟ. ಕುಡಿಯಲು ಏನೂ ತೊಂದರೆಯಿಲ್ಲ ಎನಿಸುವ ನೀರೇ ರವಿಕೆಯ ಕತ್ತನ್ನು ಕೆಡಿಸಬಲ್ಲದು.

ಯಾವ ಕಲೆ, ಯಾರ ಕೆಲಸ?

ಮದುವೆಗೆ ಹೋಗಿಬಂದ ರವಿಕೆಯ ಕತ್ತಿನಲ್ಲಿ ಸನ್‌ಸ್ಕ್ರೀನ್ ಒಂದೇ ಇರುವುದಿಲ್ಲ. ಫೌಂಡೇಷನ್ ಇರುತ್ತದೆ, ಅರಿಶಿನ ಇರುತ್ತದೆ, ಬೆವರು, ತಲೆಯ ಎಣ್ಣೆ ಎಲ್ಲವೂ ಸೇರಿರುತ್ತವೆ. ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಗುರುತಿಸಿಕೊಂಡು ಕೈಹಾಕಬೇಕು.

ಫೌಂಡೇಷನ್ ಕಲೆ ಒಗೆಯುವ ಮೊದಲೇ ಕಾಣುತ್ತದೆ. ಮುಂಗತ್ತಿನ ಅಂಚಿನಲ್ಲಿ, ಕಾಲರಿನ ಒಳಮಡಿಕೆಯಲ್ಲಿ ಮೈಬಣ್ಣದ ಹಿಟ್ಟು ಮೆತ್ತಿದಂತೆ ಇರುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ. ಅದರ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಆದರೆ ಅದು ನೂಲಿಗೆ ಬಣ್ಣ ಹಿಡಿಸಿರುವುದಿಲ್ಲ, ಎಣ್ಣೆ ಮತ್ತು ಸಿಲಿಕೋನಿನ ಅಂಟಿನಲ್ಲಿ ಪುಡಿಯಾಗಿ ಕೂತಿರುತ್ತದೆ. ಅಂಟು ಬಿಡಿಸಿದರೆ ಪುಡಿಯೂ ಅದರ ಜೊತೆಗೇ ಹೊರಡುತ್ತದೆ.

ಅರಿಶಿನದ ಆಟವೇ ಬೇರೆ. ಹಳದಿಯಾಗಿದ್ದ ಗುರುತು ಸೋಪು ತಾಗಿದ ಮರುಕ್ಷಣ ರಕ್ತಗೆಂಪಾಗಿ ಗಾಬರಿ ಹುಟ್ಟಿಸುತ್ತದೆ. ಚೆನ್ನಾಗಿ ಜಾಲಿಸಿದರೆ, ಇಲ್ಲವೇ ಒಂದು ಹನಿ ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತದೆ. ಬಿಸಿಲಿನಲ್ಲಿ ಒಣಗಿಸುತ್ತಾ ಹೋದರೆ ತಾನಾಗಿ ಮಾಸುತ್ತದೆ.

ಸನ್‌ಸ್ಕ್ರೀನ್ ಕಲೆ ಇವೆರಡಕ್ಕೂ ಉಲ್ಟಾ. ಒಗೆಯುವ ಮುನ್ನ ಕಾಣುವುದಿಲ್ಲ. ಒಗೆದ ಮೇಲೆ ಮೂಡಿದ್ದು ಬಿಸಿಲಿಗೆ ಮಾಸುವುದೂ ಇಲ್ಲ. ನಿಂಬೆರಸಕ್ಕೆ ಹಳದಿಗೆ ತಿರುಗುವ ಬದಲು ನಿಧಾನವಾಗಿ ತಿಳಿಯಾಗುತ್ತದೆ. ಅನುಮಾನವಿದ್ದರೆ ಕಲೆಯ ಒಂದು ಮೂಲೆಗೆ ನಿಂಬೆರಸ ಹಚ್ಚಿ ಕಾಲು ಗಂಟೆ ಬಿಟ್ಟು ನೋಡಿ. ಬಣ್ಣ ಇಳಿದಿದ್ದರೆ ಅದು ಕಬ್ಬಿಣದ್ದೇ ಕೆಲಸ.

ಒಂದು ರವಿಕೆಯ ಕತೆ

ನಾಗಮಂಗಲದ ಕಡೆಗೆ ಕೊಟ್ಟಿರುವ ನನ್ನ ನಾದಿನಿ ಶ್ರೀರಂಗಪಟ್ಟಣದ ಛತ್ರವೊಂದರಲ್ಲಿ ನಡೆದ ಮದುವೆಗೆ ಕೆನೆಬಣ್ಣದ ರೂಬಿಯಾ ರವಿಕೆ ತೊಟ್ಟು ಬಂದಿದ್ದಳು. ಏಪ್ರಿಲ್ ಬಿಸಿಲು. ಹಿಂಗತ್ತು ಅಗಲವಾಗಿದ್ದುದರಿಂದ ಬೆನ್ನಿನವರೆಗೂ ಸನ್‌ಸ್ಕ್ರೀನ್ ಬಳಿದುಕೊಂಡು, ಅದು ಹೀರುವ ಮೊದಲೇ ರವಿಕೆ ಹಾಕಿದ್ದಳು. ಮುಖಕ್ಕೆ ಹಚ್ಚಿದ ಫೌಂಡೇಷನ್ ಬೆವರಿಗೆ ಇಳಿದು ಮುಂಗತ್ತಿನ ಪೈಪಿಂಗಿಗೆ ಹತ್ತಿತ್ತು. ಊರಿಗೆ ಹೋಗಿ ಬೋರ್ ನೀರಿನಲ್ಲಿ ನೆನೆಹಾಕಿ, ಬಾರ್ ಸೋಪಿನಲ್ಲಿ ಉಜ್ಜಿ ಒಣಗಿಸಿದ್ದಾಳೆ.

"ನೆನೆ ಹಾಕ್ದಾಗ ಹಿಂದ್ಗಡೆ ಏನೂ ಇರ್ನಿಲ್ಲ ಅತ್ಗೆ. ಒಣಗಿದ್ಮೇಲೆ ನೋಡಿದ್ರೆ ತುಕ್ಕು ಹಿಡ್ದಂಗೆ ಆಗೈತೆ" ಎಂದು ಫೋನು ಬಂತು. ಅಷ್ಟು ಹೊತ್ತಿಗೆ ಪಕ್ಕದ ಮನೆಯವರ ಸಲಹೆಯಂತೆ ಬ್ಲೀಚ್ ನೀರಿಗೂ ಅದ್ದಿಯಾಗಿತ್ತು. ಕಿತ್ತಳೆ ಇದ್ದದ್ದು ಇಟ್ಟಿಗೆ ಬಣ್ಣಕ್ಕೆ ಹೋಗಿತ್ತು.

ರವಿಕೆ ನನ್ನ ಕೈಗೆ ಬಂದಾಗ ಎರಡು ಕಲೆಗಳು ಎರಡು ಕಡೆ ಸ್ಪಷ್ಟವಾಗಿದ್ದವು. ಹಿಂಗತ್ತಿನಲ್ಲಿ ಅಂಚು ಮಸುಕಾದ ಇಟ್ಟಿಗೆಗೆಂಪು ಪಟ್ಟಿ. ಮುಂಗತ್ತಿನಲ್ಲಿ ಪೈಪಿಂಗಿನ ಹೊಲಿಗೆಗುಂಟ ಮಣ್ಣುಬಣ್ಣದ ಗೆರೆ. ಬೆಳಕಿಗೆ ಹಿಡಿದರೆ ಎರಡೂ ಕಡೆ ಬಟ್ಟೆ ಎಣ್ಣೆ ಕುಡಿದ ಕಾಗದದಂತೆ ಪಾರದರ್ಶಕ. ಅಂದರೆ ಮೊದಲ ಒಗೆತದಲ್ಲಿ ಜಿಡ್ಡೇ ಹೋಗಿರಲಿಲ್ಲ. ಇದಕ್ಕೆ ಕಾರಣ ಬಾರ್ ಸೋಪು ಮತ್ತು ಗಡಸು ನೀರಿನ ಜೋಡಿ. ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೋಪು ಸೇರಿದರೆ ನೊರೆಯ ಬದಲು ಬೂದುಬಣ್ಣದ ಗಸಿಯಾಗುತ್ತದೆ. ಅದು ಎಣ್ಣೆಯನ್ನು ಎತ್ತುವುದಿಲ್ಲ, ತಾನೇ ಎಣ್ಣೆಯ ಮೇಲೆ ಇನ್ನೊಂದು ಪದರವಾಗಿ ಕೂರುತ್ತದೆ.

ಆದ್ದರಿಂದ ಮೊದಲ ಕೆಲಸ ಜಿಡ್ಡು ಬಿಡಿಸುವುದು. ಜಿಡ್ಡಿನ ಪದರ ಇದ್ದಷ್ಟು ಹೊತ್ತು ಹುಳಿನೀರು ಕಬ್ಬಿಣವನ್ನು ಮುಟ್ಟುವುದಿಲ್ಲ. ಬಟ್ಟೆಯನ್ನು ನೀರಿಗೆ ಹಾಕದೆ ಒಣಗಿದ್ದಂತೆಯೇ, ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಬೆರೆಸದೆ ಕಲೆಯ ಮೇಲೆ ತೆಳ್ಳಗೆ ಹಚ್ಚಿದೆ. ನೀರು ಮೊದಲು ಹೊಕ್ಕರೆ ಲಿಕ್ವಿಡ್ ತೆಳುವಾಗಿ ಎಣ್ಣೆಯೊಳಗೆ ಇಳಿಯುವುದಿಲ್ಲ. ಬೆರಳ ತುದಿಯಿಂದ ಮೆಲ್ಲಗೆ ಆಡಿಸಿ ಇಪ್ಪತ್ತು ನಿಮಿಷ ಬಿಟ್ಟೆ. ಆಮೇಲೆ ಮಡಚಿದ ಹಳೆಯ ಬಿಳಿ ಪಂಚೆಯ ಮೇಲೆ ರವಿಕೆಯ ಹೊರಮೈ ಕೆಳಗಾಗುವಂತೆ ಹಾಸಿ, ಒಳಗಡೆಯಿಂದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒತ್ತಿ ಒತ್ತಿ ತಟ್ಟಿದೆ. ಉಜ್ಜಲಿಲ್ಲ. ಉಜ್ಜಿದರೆ ಫೌಂಡೇಷನ್ ಪುಡಿ ನೇಯ್ಗೆಯ ಸಂದಿಗೆ ಇನ್ನೂ ಆಳವಾಗಿ ಹೋಗುತ್ತದೆ. ತಟ್ಟಿದಾಗ ಪಂಚೆಯ ಮೇಲೆ ಮೈಬಣ್ಣದ ಅಚ್ಚು ಬೀಳುತ್ತದೆ. ಅಚ್ಚು ಬೀಳುವಷ್ಟು ಹೊತ್ತು ಪಂಚೆಯ ಜಾಗ ಬದಲಿಸುತ್ತಾ ತಟ್ಟಬೇಕು. ಅಚ್ಚು ನಿಂತಿತೆಂದರೆ ಹೊರಡುವಷ್ಟು ಹೊರಟಿದೆ ಎಂದರ್ಥ.

ಬೆವರಿಗೂ ಬಿಡದ, ದಿನವಿಡೀ ನಿಲ್ಲುವ ಫೌಂಡೇಷನ್ ಆಗಿದ್ದರೆ ಲಿಕ್ವಿಡ್ಡಿಗೆ ಮೊದಲು ಮೆಡಿಕಲ್ ಶಾಪಿನ ಸ್ಪಿರಿಟ್ಟನ್ನು ಹತ್ತಿಗೆ ಹಾಕಿ ಒತ್ತಿದರೆ ಅದರ ಅಂಟು ಸಡಿಲಾಗುತ್ತದೆ. ಇದು ಹತ್ತಿ ಬಟ್ಟೆಗೆ ಮಾತ್ರ, ಅದೂ ಒಲೆ, ದೀಪಗಳಿಂದ ದೂರದಲ್ಲಿ.

ಜಾಲಿಸಲು ಬೋರ್ ನೀರು ಮುಟ್ಟಲಿಲ್ಲ. ಈಗ ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಕಾಯಿನ್ ಹಾಕಿ ತಂದ ಕ್ಯಾನಿನಿಂದ ಎರಡು ಮೂರು ಲೀಟರ್ ತೆಗೆದುಕೊಂಡರೆ ಒಂದು ಕತ್ತಿನ ಪಟ್ಟಿಗೆ ಸಾಕು. ಇಡೀ ರವಿಕೆಯನ್ನು ಆ ನೀರಿನಲ್ಲಿ ಒಗೆಯಬೇಕಿಲ್ಲ. ಕೈ ತಡೆಯುವಷ್ಟು ಬಿಸಿ ಮಾಡಿ ಕತ್ತನ್ನಷ್ಟೇ ಅದ್ದಿ ಹಿಂಡಿದೆ, ನೊರೆ ಪೂರ್ತಿ ಹೋಗುವವರೆಗೆ. ಈ ಜಾಲಿಸುವಿಕೆಯಲ್ಲಿ ಸೋಮಾರಿತನ ಕೂಡದು. ಸೋಪಿನಂಶ ಉಳಿದರೆ ಮುಂದೆ ಹಾಕುವ ಹುಳಿಯ ಶಕ್ತಿ ಅದನ್ನು ಎದುರಿಸುವುದರಲ್ಲೇ ಕಳೆದುಹೋಗುತ್ತದೆ. ನೆರಳಲ್ಲಿ ಒಣಗಿಸಿ ನೋಡಿದಾಗ ಮುಂಗತ್ತಿನ ಮಣ್ಣುಗೆರೆ ಹೋಗಿತ್ತು. ಬೆಳಕಿಗೆ ಹಿಡಿದರೆ ಪಾರದರ್ಶಕ ಜಾಗವೂ ಇರಲಿಲ್ಲ. ಹಿಂಗತ್ತಿನ ಇಟ್ಟಿಗೆ ಬಣ್ಣ ಮಾತ್ರ ಹಾಗೇ ಕೂತಿತ್ತು.

ಈಗ ಕಬ್ಬಿಣದ ಸರದಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುವ ಸಿಟ್ರಿಕ್ ಆಸಿಡ್ ಹರಳು ಇದಕ್ಕೆ ಸಾಕು. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಟೀ ಚಮಚ. ಸ್ಟೀಲಿನ ಅಥವಾ ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಬಟ್ಟಲು ಇಲ್ಲವೇ ಪಿಂಗಾಣಿ ಇರಲಿ. ಮೊದಲು ರವಿಕೆಯೊಳಗೆ ಟೈಲರ್ ಬಿಟ್ಟಿರುವ ಮಾರ್ಜಿನ್ ಬಟ್ಟೆಗೆ ಒಂದು ಹನಿ ಹಾಕಿ ಬಣ್ಣ ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಕಲೆಯಿದ್ದ ಭಾಗವನ್ನಷ್ಟೇ ಇಪ್ಪತ್ತು ನಿಮಿಷ ಅದ್ದಿಟ್ಟೆ. ಸಿಟ್ರಿಕ್ ಹುಳಿ ಕಬ್ಬಿಣವನ್ನು ಆವೊಬೆನ್ಝೋನಿನ ಹಿಡಿತದಿಂದ ಬಿಡಿಸಿ ತಾನು ಹಿಡಿದುಕೊಂಡು ನೀರಿಗೆ ಇಳಿಸುತ್ತದೆ. ಬಣ್ಣ ಒಂದೇ ಸಲಕ್ಕೆ ಹಾರಿಹೋಗುವುದಿಲ್ಲ. ಇಟ್ಟಿಗೆ, ಕಿತ್ತಳೆ, ಪೀಚು ಹೀಗೆ ಮೆಟ್ಟಿಲಿಳಿಯುತ್ತದೆ. ಹುಳಿನೀರು ಬದಲಿಸಿ ಮತ್ತೆ ಅದ್ದಬೇಕು. ಹುಳಿನೀರನ್ನು ಗಾಢವಾಗಿಸಲು ಹೋಗಬಾರದು, ಹೊತ್ತು ಕೊಡಬೇಕು.

ಕಡೆಯಲ್ಲಿ ಕ್ಯಾನ್ ನೀರಿನಲ್ಲೇ ಧಾರಾಳವಾಗಿ ಜಾಲಿಸಿ ಒಣಗಿಸಿದೆವು. ಹುಳಿ ನೂಲಿನಲ್ಲೇ ಉಳಿದು ಅದರ ಮೇಲೆ ಇಸ್ತ್ರಿ ಬಿದ್ದರೆ ಹತ್ತಿ ಬಲ ಕಳೆದುಕೊಂಡು ಅಲ್ಲೇ ಪಿಸಿಯುತ್ತದೆ. ಇಟ್ಟಿಗೆಗೆಂಪು ಹೋಯಿತು. ಬ್ಲೀಚ್ ಬಿದ್ದ ಜಾಗದಲ್ಲಿ ಕೆನೆಬಣ್ಣವೇ ಒಂದು ಛಾಯೆ ಬೆಳ್ಳಗಾಗಿ ಉಳಿಯಿತು. ಅದಕ್ಕೆ ಮದ್ದಿಲ್ಲ. ಅದು ಸನ್‌ಸ್ಕ್ರೀನಿನ ಕಲೆಯಲ್ಲ, ಅವಸರದ ಕಲೆ.

ಬ್ಲೀಚ್, ಹೈಡ್ರೋಸ್, ಪೆಟ್ರೋಲ್

ಬಿಳಿ ಬಟ್ಟೆ ಎಂದರೆ ಬ್ಲೀಚ್ ಎಂಬುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಕ್ಲೋರಿನ್ ಬ್ಲೀಚ್ ಕೆಲಸ ಮಾಡುವುದು ಉತ್ಕರ್ಷಣದಿಂದ. ಕಬ್ಬಿಣವನ್ನು ಉತ್ಕರ್ಷಿಸಿದರೆ ಸಿಗುವುದು ತುಕ್ಕೇ ಹೊರತು ಬಿಳುಪಲ್ಲ. ಫೌಂಡೇಷನ್ನಿನ ಆಕ್ಸೈಡ್ ಪುಡಿ ಆಗಲೇ ಪೂರ್ತಿ ಉತ್ಕರ್ಷಣಗೊಂಡದ್ದು, ಅದಕ್ಕೆ ಬ್ಲೀಚ್ ತಾಗಿದ್ದೂ ಗೊತ್ತಾಗುವುದಿಲ್ಲ. ಇನ್ನೂ ದೊಡ್ಡ ಅಪಾಯ ಬೇರೆಯಿದೆ. ಬ್ಲೀಚ್ ಇರುವ ಬಟ್ಟೆಗೆ ನಿಂಬೆ ಉಪ್ಪು ಹಾಕಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚ್ ಹಾಕಿಯಾಗಿದ್ದರೆ ಹುಳಿ ಮುಟ್ಟಿಸುವ ಮೊದಲು ವಾಸನೆ ಪೂರ್ತಿ ಹೋಗುವಂತೆ ಹಲವು ನೀರು ಜಾಲಿಸಿ, ಒಣಗಿಸಿ, ಆಮೇಲೆ ಕೈಹಾಕಬೇಕು.

ಆಲೆಮನೆಗಳ ಸೀಮೆಯಲ್ಲಿ ಇನ್ನೊಂದು ಸಲಹೆ ಕೇಳಿಬರುವುದು ಸಹಜ: ಬೆಲ್ಲವನ್ನು ಬೆಳ್ಳಗೆ ಮಾಡುವ ಹೈಡ್ರೋಸ್ ಹಾಕಿದರೆ ಹೇಗೆ? ಅದು ಬ್ಲೀಚಿಗೆ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವ ವಸ್ತು. ಕಬ್ಬಿಣದ ಕಲೆಯನ್ನು ತೆಗೆಯಬಲ್ಲದು, ನಿಜ. ಆದರೆ ಕಲೆಯ ಜೊತೆ ಬಟ್ಟೆಯ ಬಣ್ಣವನ್ನೂ ಎಳೆದುಹಾಕುತ್ತದೆ. ತೇವ ತಾಗಿದ ಹೈಡ್ರೋಸ್ ಪುಡಿ ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ಸಂಭವವೂ ಇದೆ. ಮನೆಯಲ್ಲಿ ಇಡುವ ವಸ್ತುವಲ್ಲ.

ಮೂರನೆಯದು ಪೆಟ್ರೋಲ್. ರೇಷ್ಮೆ ಸೀರೆಗೆ ಪೆಟ್ರೋಲ್ ವಾಷ್ ಕೊಡಿ ಎಂದು ಹೇಳುವುದನ್ನು ಕೇಳಿ ಕೆಲವರು ಬಂಕಿನ ಪೆಟ್ರೋಲನ್ನೇ ಹತ್ತಿಗೆ ಹಾಕಿ ಉಜ್ಜುತ್ತಾರೆ. ಡ್ರೈಕ್ಲೀನಿಂಗ್ ಅಂಗಡಿಯವರು ಬಳಸುವುದು ಅದಕ್ಕೆಂದೇ ಶುದ್ಧಿಮಾಡಿದ ದ್ರಾವಕ. ಬಂಕಿನ ಪೆಟ್ರೋಲು ಬೆಂಕಿಯ ಅಪಾಯದ ಜೊತೆಗೆ ತನ್ನದೇ ವಾಸನೆಯನ್ನೂ ಬಟ್ಟೆಯಲ್ಲಿ ಬಿಟ್ಟುಹೋಗುತ್ತದೆ.

ರೇಷ್ಮೆಗೆ ಬೇರೆ ನ್ಯಾಯ

ವೈರಮುಡಿ ಉತ್ಸವಕ್ಕೋ ನಿಮಿಷಾಂಬ ದರ್ಶನಕ್ಕೋ ಉಟ್ಟ ರೇಷ್ಮೆಯ ರವಿಕೆಗೆ ಮೇಲಿನದೆಲ್ಲ ಹೊಂದುವುದಿಲ್ಲ. ರೇಷ್ಮೆ ನೆಂದ ಜಾಗಕ್ಕೆ ನೀರಿನ ಉಂಗುರ ಬೀಳುತ್ತದೆ, ಒಳಗಿನ ಲೈನಿಂಗ್ ಬಣ್ಣ ಬಿಟ್ಟು ಹೊರಗೆ ಹಾಯುತ್ತದೆ, ಹುಳಿ ತಾಗಿದರೆ ಜರಿ ಮಂಕಾಗುತ್ತದೆ. ಮಗ್ಗದ ವರ್ಕ್ ಇದ್ದರೆ ಅಂಟಿಸಿದ ಕಲ್ಲುಗಳು ನೆನೆದು ಉದುರುತ್ತವೆ.

ಇಲ್ಲಿ ಮೊದಲ ಒಂದು ಗಂಟೆಯ ಕೆಲಸವೇ ಮುಖ್ಯ. ಮನೆಗೆ ಬಂದು ರವಿಕೆ ಬಿಚ್ಚಿದ ಕೂಡಲೇ ಕತ್ತಿನ ಒಳಬದಿಗೆ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ, ಮೇಲೊಂದು ಹತ್ತಿ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ. ಪುಡಿ ಹಸಿ ಎಣ್ಣೆಯನ್ನು ಹೀರುತ್ತದೆ. ಬೆಳಿಗ್ಗೆ ಮೆದು ಬ್ರಷ್ಷಿನಿಂದ ಕೊಡವಿದಾಗ ಪುಡಿ ಗಂಟುಗಂಟಾಗಿ ಬಂದರೆ ಎಣ್ಣೆ ಎದ್ದಿದೆ ಎಂದು ತಿಳಿಯಬಹುದು. ಆಗ ಹೊಸ ಪುಡಿ ಹಾಕಿ ಮತ್ತೆ ಬಿಡಬೇಕು. ಉಳಿದದ್ದನ್ನು ಡ್ರೈಕ್ಲೀನರಿಗೆ ಬಿಡಿ. ಕೊಡುವಾಗ "ಕತ್ತಿನಲ್ಲಿ ಸನ್‌ಸ್ಕ್ರೀನ್ ಇದೆ, ನೀರು ಮುಟ್ಟಿಸಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಕಾಣದ ಕಲೆಯನ್ನು ಅವರೂ ಊಹಿಸಲಾರರು. ಹೇಳದಿದ್ದರೆ ಇಸ್ತ್ರಿಯ ಬಿಸಿಗೆ ಎಣ್ಣೆ ಕಂದಿ ಹಳದಿ ಗುರುತಾಗಿ ಕೂರುತ್ತದೆ.

ಇಸ್ತ್ರಿಯ ಮಾತು ಹತ್ತಿಗೂ, ಪಾಲಿಯೆಸ್ಟರ್ ಬೆರೆತ ಅಂಗಿಗೂ ಅನ್ವಯಿಸುತ್ತದೆ. ಪಾಲಿಯೆಸ್ಟರ್ ಎಣ್ಣೆಯನ್ನು ಬಿಟ್ಟುಕೊಡುವುದು ಮೊದಲೇ ನಿಧಾನ. ಬಿಸಿ ಬಿದ್ದ ಮೇಲೆ ಇನ್ನೂ ಹಟ. ಒದ್ದೆ ಬಟ್ಟೆಯಲ್ಲಿ ಜಿಡ್ಡು ಕಾಣುವುದಿಲ್ಲವಾದ್ದರಿಂದ, ನೆರಳಲ್ಲಿ ಪೂರ್ತಿ ಒಣಗಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಇಸ್ತ್ರಿ ಪೆಟ್ಟಿಗೆ ಎತ್ತಬೇಕು.

ಕಲೆ ಬೀಳದಂತೆ

ಬಿಸಿಲಿಗೆ ಸನ್‌ಸ್ಕ್ರೀನ್ ಬೇಕು, ಅದನ್ನು ಬಿಡಿ ಎನ್ನುವ ಮಾತೇ ಇಲ್ಲ. ಹಚ್ಚಿದ ಮೇಲೆ ಬಟ್ಟೆ ಹಾಕುವ ಮೊದಲು ಕಾಲು ಗಂಟೆ ಕಾದರೆ ಕಾಲರಿಗೆ ಹತ್ತುವುದು ಬಹಳಷ್ಟು ಕಡಿಮೆಯಾಗುತ್ತದೆ. ದಿನವೂ ಬಿಳಿ ಸಮವಸ್ತ್ರ ತೊಡುವ ನರ್ಸುಗಳು, ವಿದ್ಯಾರ್ಥಿಗಳು ಬೋರ್ ನೀರಿನ ಊರಿನವರಾಗಿದ್ದರೆ ಕತ್ತಿನ ಭಾಗಕ್ಕಾದರೂ ಆವೊಬೆನ್ಝೋನ್ ಇಲ್ಲದ, ಸತು ಅಥವಾ ಟೈಟಾನಿಯಂ ಪುಡಿಯ ಸನ್‌ಸ್ಕ್ರೀನ್ ಆರಿಸಿಕೊಳ್ಳಬಹುದು. ಅದು ಕಪ್ಪು ಕಾಲರಿನ ಮೇಲೆ ಬಿಳಿ ಗೀರು ಬಿಡಬಹುದು, ಆದರೆ ಕಿತ್ತಳೆಯಾಗುವುದಿಲ್ಲ. ಬಿಳಿ ಗೀರು ಲಿಕ್ವಿಡ್ಡಿಗೆ ಹೋಗುತ್ತದೆ.

ಇಷ್ಟನ್ನು ನೆನಪಿಟ್ಟರೆ ಸಾಕು. ಸನ್‌ಸ್ಕ್ರೀನ್ ತಾಗಿದ ಕತ್ತುಪಟ್ಟಿಯನ್ನು ನೇರವಾಗಿ ಬೋರ್ ನೀರಿಗೆ ಹಾಕಬೇಡಿ. ಒಣಬಟ್ಟೆಗೆ ಲಿಕ್ವಿಡ್ ಹಚ್ಚಿ, ಒಂದೆರಡು ಚೊಂಬು ಕುಡಿಯುವ ನೀರಿನಲ್ಲಿ ಜಿಡ್ಡು ಬಿಡಿಸಿ, ಆಮೇಲೆ ಉಳಿದ ಬಟ್ಟೆಗಳ ಜೊತೆ ಹಾಕಿ. ಆಗ ನಿಂಬೆ ಉಪ್ಪನ್ನು ಹುಡುಕುವ ಪ್ರಮೇಯವೇ ಬಹುತೇಕ ಬರುವುದಿಲ್ಲ.